ಗೋವಾ ಕದಂಬರ ನಾಣ್ಯಗಳ ಲೇಖನ: ಪರಾಮರ್ಶೆ ಒಪ್ಪಿಕೊಳ್ಳಲಾಗದ ಬಗ್ಗೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಗೋವಾ ಕದಂಬರ ಚಿನ್ನದ ನಾಣ್ಯಗಳ ಮೇಲಿನ ಲೇಖನವನ್ನು ಪರಾಮರ್ಶೆಗೆಂದು ಕಳಿಸಿದ್ದೀರಿ. ನನ್ನನ್ನು ನೆನೆಸಿಕೊಂಡದ್ದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಇದು ನನ್ನ ಕ್ಷೇತ್ರವಲ್ಲ, ಹಾಗಾಗಿ ಒಪ್ಪಿಕೊಳ್ಳಲಾರೆ. ತಾವು ಕೊಟ್ಟ ಗಡುವು ಇನ್ನೂ ದೂರವಿದೆ. ಆದರೂ ಬೇರೆಯವರನ್ನು ಹುಡುಕಲು ತಮಗೂ ಸಮಯ ಬೇಕು, ಲೇಖಕರೂ ಸುಮ್ಮನೆ ಕಾಯುವಂತಾಗಬಾರದು ಎಂದು ಈಗಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ತಮ್ಮ ಪಟ್ಟಿಗೆ ಹೇಗೆ ಬಂತೆಂಬುದನ್ನು ಊಹಿಸಬಲ್ಲೆ. 'ಗೋವಾ', 'ಕನ್ನಡ', 'ಇತಿಹಾಸ' ಎಂದು ಹುಡುಕಿದರೆ ವಾಸ್ಕೋದ ಕನ್ನಡಿಗರ ಕುರಿತ ನನ್ನ ಲೇಖನ ಸಿಗುತ್ತದೆ. ಅದು 1961ರ ನಂತರ ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಬಂದರಿನ ಕೂಲಿಗೆ ಬಂದವರ ಕಥೆ. ನನ್ನ ಆಕರಗಳೆಂದರೆ ಬಾಯ್ಮಾತಿನ ನೆನಪು, ರೇಷನ್ ಕಾರ್ಡು, ಶಾಲೆಯ ಹಾಜರಿ ಪುಸ್ತಕ, ಸಂಘದ ಠರಾವು. ಹನ್ನೆರಡನೆಯ ಶತಮಾನದ ಚಿನ್ನ ನನ್ನ ಕೈಗೆ ಬಂದದ್ದೇ ಇಲ್ಲ.

ಕದಂಬರ ಬಗ್ಗೆ ಏನೂ ತಿಳಿಯದವಳೆಂದಲ್ಲ. ರಾಜಧಾನಿ ಚಂದ್ರಪುರದಿಂದ ಗೋಪಕಪಟ್ಟಣಕ್ಕೆ ಬಂದದ್ದು, ನಾಣ್ಯದ ಮೇಲಿನ ಸಿಂಹ, ಶಿವಚಿತ್ತ ಪೆರ್ಮಾಡಿಯ ನಾಣ್ಯಗಳಲ್ಲಿ ಬರುವ ಸಪ್ತಕೋಟೀಶ್ವರನ ಹೆಸರು, ಆ ದೇವರ ನಾರ್ವೆಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದ್ದು, ಇಷ್ಟೆಲ್ಲ ಗೋವಾದಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ. ಲೇಖನದ ಪೀಠಿಕೆಯನ್ನು ಓದಲು ಇಷ್ಟು ಸಾಕು, ಅದರ ವಾದವನ್ನು ತೂಗಲು ಸಾಲದು.

ಸಾರಾಂಶವನ್ನು ಎರಡು ಸಲ ಓದಿದೆ, ಕೋಷ್ಟಕಗಳ ಮೇಲೂ ಕಣ್ಣಾಡಿಸಿದೆ. ಲೇಖಕರ ವಾದ ಇರುವುದು ಲೋಹದ ಮೇಲೆ: ಶಿವಚಿತ್ತನ ನಂತರದ ನಾಣ್ಯಗಳಲ್ಲಿ ಚಿನ್ನದ ಪಾಲು ಇಳಿಯುತ್ತ ಹೋಯಿತು, ಅದು ಕಡಲ ವ್ಯಾಪಾರ ಕುಗ್ಗಿದ್ದರ ಗುರುತು ಎಂಬುದು. ಅಳತೆಗೆ ಬಳಸಿರುವುದು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣ. ಇಲ್ಲಿಗೆ ಬಂದಾಗಲೇ ನನಗೆ ಇದು ನನ್ನ ಕೆಲಸವಲ್ಲ ಎನಿಸಿದ್ದು. ಈ ಉಪಕರಣ ಲೋಹದ ಮೇಲ್ಪದರವನ್ನಷ್ಟೇ ಓದುತ್ತದೆ. ಚಿನ್ನದ ವಿಷಯದಲ್ಲಿ ಆ ಪದರ ಕೂದಲೆಳೆಗಿಂತ ತೆಳು. ಮಣ್ಣಿನಲ್ಲಿ ಶತಮಾನಗಟ್ಟಲೆ ಬಿದ್ದ ನಾಣ್ಯದ ಮೇಲ್ಮೈಯಿಂದ ಬೆಳ್ಳಿ, ತಾಮ್ರ ಕರಗಿ ಹೋಗಿ ಚಿನ್ನದ ಪಾಲು ಇರುವುದಕ್ಕಿಂತ ಹೆಚ್ಚು ಕಾಣಬಹುದು. ಹಾಗಾದರೆ ಕೋಷ್ಟಕದ ಇಳಿಕೆ ಟಂಕಸಾಲೆಯಲ್ಲಿ ಆದದ್ದೋ, ಕೆಲವು ನಾಣ್ಯ ಹೆಚ್ಚು ಕಾಲ ಮಣ್ಣಿನಲ್ಲಿದ್ದು ಕೆಲವು ಕಡಿಮೆ ಕಾಲ ಇದ್ದದ್ದರಿಂದ ಕಂಡದ್ದೋ? ಪ್ರಶ್ನೆ ಕೇಳುವಷ್ಟು ನನಗೆ ಗೊತ್ತು. ಲೇಖಕರು ಉತ್ತರ ಕೊಟ್ಟರೆ ಅದು ಸರಿಯೋ ತಪ್ಪೋ ಎಂದು ಹೇಳುವಷ್ಟು ಗೊತ್ತಿಲ್ಲ. ಪರಾಮರ್ಶಕರಿಂದ ತಮಗೆ ಬೇಕಾದದ್ದು ಆ ಎರಡನೆಯದೇ ಅಲ್ಲವೆ?

ಇನ್ನೊಂದು ಗೊಡವೆಯೂ ಇದೆ. ನಾಣ್ಯಗಳಲ್ಲಿ ಬಹುಪಾಲು ಖಾಸಗಿ ಸಂಗ್ರಹಗಳಿಂದ ಬಂದಂತಿವೆ, ಸಿಕ್ಕ ಜಾಗದ ದಾಖಲೆ ಕೋಷ್ಟಕದಲ್ಲಿ ಕಾಣಲಿಲ್ಲ. ಮಧ್ಯಯುಗದ ಚಿನ್ನದ ನಾಣ್ಯಗಳಿಗೆ ನಕಲು ಮಾಡುವವರ ಕಾಟ ಇದ್ದದ್ದೇ. ಅಸಲು ಯಾವುದು, ಇತ್ತೀಚೆಗೆ ಹೊಡೆದದ್ದು ಯಾವುದು ಎಂದು ಛಾಪು ನೋಡಿ ಹೇಳಬಲ್ಲ ಕಣ್ಣು ಬೇಕು. ನಾನು ಪರಾಮರ್ಶೆ ಬರೆದರೆ 'ಭಾಷೆ ಚೆನ್ನಾಗಿದೆ, ಅಡಿಟಿಪ್ಪಣಿ ಸರಿಯಾಗಿವೆ, ಪ್ರಕಟಿಸಬಹುದು' ಎಂದಾಗುತ್ತದೆ. ಒಬ್ಬರು ಪರಿಶೀಲಿಸಿದ್ದಾರೆಂಬ ಭರವಸೆ ತಮಗಿರುತ್ತದೆ, ಮುಖ್ಯ ವಾದವನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ.

ಹಾಗಿದ್ದರೆ ಯಾರನ್ನು ಕೇಳುವುದು? ಒಬ್ಬರೇ ಸಾಲುವುದಿಲ್ಲ ಎಂದು ನನ್ನ ಅನಿಸಿಕೆ.

ನಾಣ್ಯದ ಕಡೆಯಿಂದ, ನಾಸಿಕದ ಹತ್ತಿರ ಅಂಜನೇರಿಯಲ್ಲಿರುವ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ದಖನ್ನಿನ ನಾಣ್ಯಗಳನ್ನು ಬಲ್ಲವರು ಸಿಗುತ್ತಾರೆ. ಲೋಹದ ಪರೀಕ್ಷೆಗೆ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗವನ್ನು ಕೇಳಿ. ಪುರಾವಸ್ತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಪರಿಪಾಠ ಅಲ್ಲಿ ಹಳೆಯದು. ತೊಡಕೆಂದರೆ ಲೇಖನ ಕನ್ನಡದಲ್ಲಿದೆ, ಈ ಎರಡೂ ಕಡೆ ಕನ್ನಡ ಓದುವವರು ಸಿಕ್ಕೇ ಸಿಗುತ್ತಾರೆನ್ನಲಾಗದು. ಅದಕ್ಕೆ ಇಡೀ ಲೇಖನವನ್ನು ಅನುವಾದಿಸಬೇಕಿಲ್ಲ. ಪರೀಕ್ಷಾ ವಿಧಾನದ ಭಾಗ, ಕೋಷ್ಟಕಗಳು, ತೀರ್ಮಾನದ ಪ್ಯಾರಾ ಇಷ್ಟನ್ನು ಇಂಗ್ಲಿಷಿನಲ್ಲಿ ಕೊಡಲು ಲೇಖಕರನ್ನೇ ಕೇಳಿದರೆ ಸಾಕು. ಲೋಹ ಬಲ್ಲವರು ಅಷ್ಟನ್ನೇ ನೋಡಿ ಒಂದು ಪುಟ ಬರೆದುಕೊಟ್ಟರೂ ನನ್ನ ಐದು ಪುಟಕ್ಕಿಂತ ಮೇಲು.

ಲೇಖನವನ್ನು ಪೂರ್ತಿಯಾಗಿ ಓದಲು ಕನ್ನಡ ಬಲ್ಲ ಶಾಸನತಜ್ಞರೇ ಬೇಕು, ಏಕೆಂದರೆ ರಾಜರ ಕಾಲಕ್ರಮವೆಲ್ಲ ಶಾಸನಗಳ ಮೇಲೆ ನಿಂತಿದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ, ಈ ಮೂರರಲ್ಲಿ ಎಲ್ಲಾದರೂ ಸಿಗುತ್ತಾರೆ. ನನಗೆ ಪರಿಚಯವಿರುವ ಇಬ್ಬರ ಹೆಸರು, ಇಮೇಲ್ ವಿಳಾಸವನ್ನು ತಮ್ಮ ತಾಣದ ಗೋಪ್ಯ ಸಲಹೆಯ ಜಾಗದಲ್ಲಿ ತುಂಬಿದ್ದೇನೆ. ಒಬ್ಬರು ನಿವೃತ್ತರು, ಸಾವಕಾಶವಾಗಿ ಆದರೆ ಸಾಲುಸಾಲಿಗೂ ಟಿಪ್ಪಣಿ ಹಾಕುವವರು. ಇನ್ನೊಬ್ಬರು ಈಚೆಗಷ್ಟೇ ಪಿಎಚ್‌ಡಿ ಮುಗಿಸಿದ ತರುಣಿ, ಗಡುವಿಗೆ ಸರಿಯಾಗಿ ಕೊಡುತ್ತಾರೆ. ಹಿರಿಯರೇ ಆಗಬೇಕೆಂಬ ಹಟ ತಮಗಿಲ್ಲದಿದ್ದರೆ ನಾನು ಮೊದಲು ಆ ತರುಣಿಯನ್ನೇ ಕೇಳುತ್ತಿದ್ದೆ. ಇಬ್ಬರಿಗೂ ನಾನು ಈ ವಿಷಯ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಲೇಖನದ ಕೊನೆಯಲ್ಲಿ ಲೇಖಕರು ಉಪಕಾರ ಸ್ಮರಿಸಿದವರನ್ನು ಮಾತ್ರ ಕೇಳಬೇಡಿ. ತಕ್ಷಣ ನೆನಪಾಗುವ ನಾಣ್ಯತಜ್ಞರೊಬ್ಬರು ಆ ಪಟ್ಟಿಯಲ್ಲೇ ಇದ್ದಾರೆ.

ಸಣ್ಣದೊಂದು ಸೂಚನೆ. ಲೇಖಕರ ಹೆಸರನ್ನು ಮೊದಲ ಪುಟದಿಂದ ತೆಗೆದಿದ್ದೀರಿ, ಆದರೆ ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅದು ಹಾಗೆಯೇ ಉಳಿದಿದೆ. ಮುಂದಿನವರಿಗೆ ಕಳಿಸುವ ಮುನ್ನ ಅದನ್ನೂ ಅಳಿಸಿಬಿಡಿ. ನನಗೆ ಲೇಖಕರ ಪರಿಚಯವಿಲ್ಲ, ಫೈಲನ್ನು ಯಾರಿಗೂ ತೋರಿಸಿಲ್ಲ, ಈ ಪತ್ರ ಕಳಿಸಿದ ಕೂಡಲೇ ಅಳಿಸುತ್ತೇನೆ.

ವಲಸೆ, ಮೌಖಿಕ ಇತಿಹಾಸ, ಮುಂಬಯಿ-ಗೋವಾದ ಕನ್ನಡ ಶಾಲೆಗಳು, ಸಂಘ-ಸಂಸ್ಥೆಗಳು ಇವುಗಳ ಮೇಲೆ ಲೇಖನ ಬಂದರೆ ದಯವಿಟ್ಟು ಕಳಿಸಿ, ಸಂತೋಷದಿಂದ ಓದುತ್ತೇನೆ. ಮಾರ್ಚ್, ಏಪ್ರಿಲ್ ಮಾತ್ರ ಬಿಟ್ಟು. ಆಗ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿರುತ್ತೇನೆ.

ವಿಶ್ವಾಸವಿರಲಿ.

ತಮ್ಮ,
ವಸುಧಾ
ಡೊಂಬಿವಲಿ