14ರ ಶನಿವಾರ ಸಂಜೆ ಬೇರೆ ಎಂತದೂ ಇಟ್ಕೊಳ್ಬೇಡ ಮಾರಾಯ್ತಿ

ನವೆಂಬರ್ 14, ಶನಿವಾರ, ದೀಪಾವಳಿ ಕಳೆದು ಬರುವ ಮೊದಲ ಶನಿವಾರ. ಎಡಿಸನ್ನಿನ ಒಂದು ಶಾಲೆಯಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಉಂಟು. ನೋಟೀಸು ನಿನ್ನ ಇಮೇಲಿಗೂ ಬಂದಿರ್ತದೆ, "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಚಂದಗಾಣಿಸಿಕೊಡಬೇಕಾಗಿ ವಿನಂತಿ" ಅಂತ. ಅದನ್ನು ಓದಿ ಯಾರೂ ಎದ್ದು ಹೊರಡುವುದಿಲ್ಲ. ಅದಕ್ಕೇ ಇದು.

ಮೊದಲು ನಿನ್ನ ಆ ಹಳೇ ಅನುಮಾನ. ಮನೆಯಲ್ಲಿ ಮಾತಾಡುವುದು ತುಳು, ಕನ್ನಡ ಸಂಘ ಅಂದ್ರೆ ಬೆಂಗಳೂರು ಮೈಸೂರಿನವರದ್ದು, ಅಲ್ಲಿ ಹೋಗಿ ಮೂಲೆಯಲ್ಲಿ ಕೂತು ಬರುವುದಾ ಅಂತ ತಾನೆ? ಈ ಸಲದ್ದು ಪೂರ್ತಿ ನಮ್ಮ ಕರಾವಳಿ ಕಡೆಯದ್ದೇ. ಯಕ್ಷಗಾನದ ಆಟ ಉಂಟು, ಹುಲಿವೇಷ ಉಂಟು, ಊಟಕ್ಕೆ ಕುಚ್ಚಲಕ್ಕಿ ಅನ್ನ ಉಂಟು. ಸ್ಟೇಜಿನ ಮೇಲೆ ಕನ್ನಡ, ಅಡುಗೆ ಕಡೆ ಹೋದ್ರೆ ಅರ್ಧ ಜನ ತುಳುವಿನಲ್ಲಿ ಜಗಳ ಮಾಡ್ತಾರೆ, ಇನ್ನರ್ಧ ಕೊಂಕಣಿಯಲ್ಲಿ. ನೀನು ಯಾವ ಕಡೆ ಸೇರಿದ್ರೂ ಆಗ್ತದೆ.

ಆಟ ಅಭಿಮನ್ಯು ಕಾಳಗ, ಬಡಗುತಿಟ್ಟು. ಊರಿನ ಹಾಗೆ ಬೆಳಗಾಗುವವರೆಗೆ ಆಡ್ಲಿಕ್ಕೆ ಶಾಲೆಯವರು ಬಿಡುವುದಿಲ್ಲ, ಸಿಕ್ಕಿದ್ದು ಒಂದೂಕಾಲು ಗಂಟೆ. ಹಾಗಾಗಿ ಸಭಾಲಕ್ಷಣ ಇಲ್ಲ, ಗಣಪತಿ ಸ್ತುತಿ ಮುಗಿಸಿ ನೇರ ಪ್ರಸಂಗಕ್ಕೆ ಇಳಿಯುವುದು. ಅಭಿಮನ್ಯುವಿನ ಕೇದಗೆ ಮುಂದಲೆ ಕಟ್ಟುವುದನ್ನು ಅಮ್ಮನಿಗೂ ಮಗಳಿಗೂ ತೋರಿಸ್ಬೇಕು ಅಂತಿದ್ರೆ 2:30ಕ್ಕೇ ಬಾ, ಚೌಕಿಗೆ ಕರ್ಕೊಂಡು ಹೋಗ್ತೇನೆ. 3:30ರ ನಂತರ ಆಗುವುದಿಲ್ಲ. ಬಣ್ಣ ಹಚ್ಚಿ ವೇಷ ಬಿಗಿದ ಮೇಲೆ ಪಕ್ಕ ಒತ್ತಿ ನಿಂತು ಸೆಲ್ಫಿ ತೆಗೆದ್ರೆ ಅವರ ಕೆನ್ನೆಯ ಬಣ್ಣ ನಿನ್ನ ಸೀರೆಗೆ, ನಿನ್ನ ಪೌಡರು ಅವರ ಕೆನ್ನೆಗೆ. ಫೋಟೋ ಆಟ ಮುಗಿದ ಮೇಲೆ, ಊಟದ ಸಾಲಿನಲ್ಲಿ ವೇಷದವರೂ ಇರ್ತಾರೆ.

ಮಗಳಿಗೆ ನಾಲ್ಕು ವರ್ಷ ಅಲ್ವಾ, ಎದುರಿನ ಮೂರು ಸಾಲು ಬೇಡ. ಆಡಿಟೋರಿಯಮ್ಮಿನ ಗೋಡೆ ಕಾಂಕ್ರೀಟಿನದ್ದು, ಬಯಲಾಟದಲ್ಲಿ ಗಾಳಿಗೆ ಹೋಗುವ ಚೆಂಡೆಯ ಸದ್ದು ಇಲ್ಲಿ ತಿರುಗಿ ಬಂದು ಎದೆಗೇ ಹೊಡೀತದೆ. ಈ ಸಲ ಚೆಂಡೆ ಬಲಗಡೆ, ಹಾಗಾಗಿ ಎಡಗಡೆ ಎಂಟನೇ ಸಾಲಿನಿಂದ ಹಿಂದೆ ಕೂತ್ಕೊ, ಓಡಾಟದ ದಾರಿಯ ಪಕ್ಕದ ಸೀಟು ಹಿಡಿ. ಹೆದರಿ ಅತ್ರೆ ಹೊರಗೆ ಹೋಗ್ಲಿಕ್ಕೆ ಹತ್ತು ಹೆಜ್ಜೆ. ಸ್ಟ್ರೋಲರ್ ಮಾತ್ರ ಲಾಬಿಯಲ್ಲೇ ಬಿಡ್ಬೇಕು, ದಾರಿಗೆ ಅಡ್ಡ ಎಂತ ಇಟ್ರೂ ಫೈರ್ ನಿಯಮ ಅಂತ ಶಾಲೆಯವರು ತೆಗೆಸ್ತಾರೆ. ಅದೇ ಕಾರಣಕ್ಕೆ ಸ್ಟೇಜಿನಲ್ಲಿ ಎಣ್ಣೆ ದೀಪವೂ ಇಲ್ಲ, ಬ್ಯಾಟರಿಯದ್ದು. ಅಮ್ಮನಿಗೆ ಮೊದಲೇ ಹೇಳಿಡು, ಇಲ್ಲದಿದ್ರೆ "ಇದೆಂತ ದೀಪ" ಅಂತ ನನ್ನನ್ನೇ ಕೇಳ್ತಾರೆ.

ಐದು ಗಂಟೆಗೆ ಶುರು ಅಂದ್ರೆ ಐದಕ್ಕೇ. 9:30ಕ್ಕೆ ಬಾಗಿಲಿಗೆ ಬೀಗ ಬೀಳ್ತದೆ, ಅದರ ಮೇಲಿನ ಒಂದೊಂದು ಗಂಟೆಗೂ ಬೇರೆ ಬಾಡಿಗೆ. ಮೊದಲು ನಾಡಗೀತೆ, ಮತ್ತೆ ಮಕ್ಕಳ ಡ್ಯಾನ್ಸು, ಕೊನೆಗೆ ತಾಸೆಯ ಪೆಟ್ಟಿಗೆ ಹುಲಿವೇಷ. ಮಕ್ಕಳ ಮೈಗೆ ಬಣ್ಣ ಇಲ್ಲ, ಪಟ್ಟೆಯ ಬಟ್ಟೆ. ಕಾರಿನ ಸೀಟು ಯಾರು ತೊಳೀತಾರೆ? ಭಾಷಣ ಎರಡೇ, ಎರಡೂ ಸೇರಿ ಎಂಟು ನಿಮಿಷ, ಗಡಿಯಾರ ಹಿಡ್ಕೊಂಡು ಒಬ್ಬರನ್ನು ಎದುರೇ ಕೂರಿಸಿದ್ದೇವೆ. ಆಟ 6:30ಕ್ಕೆ. ಊರಿನಲ್ಲಿ ಆಗ ಭಾನುವಾರ ಬೆಳಿಗ್ಗೆ ಐದು ಗಂಟೆ, ನಿನ್ನ ಮಾವನಿಗೆ ವೀಡಿಯೋ ಕಾಲ್ ಹಾಕು. ಆಟ ನೋಡಿ ಅಭ್ಯಾಸ ಇದ್ದವರಿಗೆ ಅದು ಸರಿಯಾದ ಹೊತ್ತೇ.

ಈಗ ತಿಂಡಿ. ನಾಲ್ಕು ಗಂಟೆಗೆ ಕಾಫಿ, ಬನ್ಸ್, ಒಗ್ಗರಣೆ ಅವಲಕ್ಕಿ, ಕಡ್ಲೆ. ಗೋಳಿಬಜೆ ಯಾಕಿಲ್ಲ ಅಂತ ನೀನು ಕೇಳುವುದು ಗೊತ್ತು. ಶಾಲೆಯಲ್ಲಿ ಎಣ್ಣೆ ಬಾಣಲೆ ಇಡ್ಲಿಕ್ಕೆ ಇಲ್ಲ, ಮನೆಯಲ್ಲಿ ಕರಿದು ತಂದ್ರೆ ಎರಡು ಗಂಟೆಯಲ್ಲಿ ರಬ್ಬರು. ಬನ್ಸ್ ಹಾಗಲ್ಲ, ಬಾಳೆಹಣ್ಣು ಹಾಕಿ ರಾತ್ರಿಯಿಡೀ ಹುಳಿ ಬಂದ ಹಿಟ್ಟು, ತಣಿದ ಮೇಲೂ ಮೆತ್ತಗೇ ಇರ್ತದೆ. ನೀರ್ ದೋಸೆಯೂ ಇಲ್ಲ, ಇನ್ನೂರು ಜನಕ್ಕೆ ಒಯ್ದು ಪೇರಿಸಿಟ್ರೆ ಎಲ್ಲ ಅಂಟಿಕೊಂಡು ಒಂದೇ ದೋಸೆ ಆಗ್ತದೆ.

7:50ಕ್ಕೆ ಕೆಫೆಟೇರಿಯಾದಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬೆಳ್ತಿಗೆ ಅನ್ನ, ದಾಳಿತೋವೆ, ಬದನೆ ಕೊದ್ದೆಲ್, ಮಾವಿನ ಮಿಡಿ ಉಪ್ಪಿನಕಾಯಿ, ಪಾಯಸ. ಬದನೆ ಇಲ್ಲಿಯ ಅಂಗಡಿಯದ್ದು, ಮಟ್ಟುಗುಳ್ಳ ಅಂತ ಹೇಳಿ ಮೋಸ ಮಾಡುವುದಿಲ್ಲ. ಕೋರಿ ರೊಟ್ಟಿ ಬೇರೆ ಮೇಜಿನಲ್ಲಿ, ಸೌಟೂ ಬೇರೆ, ಬಡಿಸುವವರೂ ಬೇರೆ, ಅಮ್ಮ ಆರಾಮಾಗಿ ಊಟ ಮಾಡ್ಬಹುದು. ಅವಲಕ್ಕಿಯಲ್ಲಿ ನೆಲಗಡಲೆ, ಪಾಯಸದಲ್ಲಿ ಗೋಡಂಬಿ ಉಂಟು. ಮಗಳಿಗೆ ಅಲರ್ಜಿ ಎಂತಾದ್ರೂ ಇದ್ರೆ ಈಗಲೇ ಹೇಳು, ಬೇರೆ ತೆಗೆದಿಡುವ.

ಹಾಗಾಗಿ ಮಂಗಳವಾರ, 10ನೇ ತಾರೀಕು ರಾತ್ರಿಯೊಳಗೆ ಎಷ್ಟು ಜನ, ಅದರಲ್ಲಿ ಕೋರಿ ರೊಟ್ಟಿ ಎಷ್ಟು, ಈ ಎರಡೇ ಲೆಕ್ಕ ಇದೇ ಮೆಸೇಜಿಗೆ ಬರೆದು ಹಾಕು. ಹತ್ತು ಜನಕ್ಕೆ ಒಂದು ಕಿಲೋ ಅಕ್ಕಿ ಅಂತ ಹಿಡಿದು ತರುವುದು. "ನೋಡುವ, ಆದ್ರೆ ಬರ್ತೇವೆ" ಅಂತ ಇಪ್ಪತ್ತು ಮನೆಯವರು ಹೇಳಿದ್ರೆ ಒಂದೋ ಅನ್ನ ಮಿಕ್ಕಿ ಚೆಲ್ಲುವುದು, ಇಲ್ಲ ಕೊನೆಯ ಸಾಲಿನವರಿಗೆ ತೋವೆ ಮಾತ್ರ. ಹೇಳಿದ ಮೇಲೆ ಮಗುವಿಗೆ ಜ್ವರ ಬಂತು ಅಂದ್ರೆ ಪರವಾಗಿಲ್ಲ, ಒಂದು ಮೆಸೇಜು ಹಾಕಿದ್ರೆ ಸಾಕು.

ದೊಡ್ಡವರಿಗೆ 20 ಡಾಲರ್, ಊಟ ಸೇರಿ. ಐದರಿಂದ ಹನ್ನೆರಡು ವರ್ಷದವರಿಗೆ 10. ನಿನ್ನ ಮಗಳಿಗೆ ಇಲ್ಲ, ಊರಿಂದ ಬಂದ ಅಪ್ಪ ಅಮ್ಮಂದಿರಿಗೂ ಇಲ್ಲ. ಅಲ್ಲಿಗೆ ನಿಮ್ಮ ಮನೆಗೆ ಒಟ್ಟು 40. ಬಾಗಿಲಲ್ಲಿ ಕೊಟ್ರೆ ಆಯ್ತು, ಮೆಂಬರ್ ಆಗ್ಬೇಕು ಅಂತಿಲ್ಲ, ಆಗು ಅಂತ ಯಾರೂ ಹಿಂದೆ ಬೀಳುವುದೂ ಇಲ್ಲ.

ಶಾಲೆ ಓಕ್ ಟ್ರೀ ರೋಡಿನಿಂದ ಒಳಗೆ, ಮ್ಯಾಪು ಇದರ ಕೆಳಗೇ ಕಳಿಸ್ತೇನೆ. ಪಿನ್ ಹಾಕಿದ್ದು ಹಿಂದಿನ ಪಾರ್ಕಿಂಗಿಗೆ. ಎದುರಿನ ಗೇಟಿಗೆ ಹೋಗ್ಬೇಡ, ಶನಿವಾರ ಅದು ಮುಚ್ಚಿರ್ತದೆ, ಮತ್ತೆ ಇಡೀ ಕಟ್ಟಡ ಸುತ್ತಿ ನಡೀಬೇಕು. ಗಡಿಯಾರ ಹಿಂದೆ ಹೋಗಿರ್ತದೆ, ನಾಲ್ಕೂಮುಕ್ಕಾಲಿಗೆಲ್ಲ ಕತ್ತಲು. ಅಮ್ಮನಿಗೆ ಮಂಡಿ ನೋವು ಅಂದಿದ್ದಿ, ಅವರನ್ನು ಪಕ್ಕದ ಇಳಿಜಾರಿನ ಬಾಗಿಲಲ್ಲಿ ಇಳಿಸಿ ಕಾರು ಇಡ್ಲಿಕ್ಕೆ ಹೋಗು, ಅಲ್ಲಿ ಮೆಟ್ಟಿಲಿಲ್ಲ. ಹಾಲಿನಲ್ಲಿ ಹೀಟರ್ ಇದ್ರೂ ಬಾಗಿಲು ತೆಗೆದು ಹಾಕಿ ಹಿಂದಿನ ಸಾಲಿಗೆ ಚಳಿ ಹೊಡೀತದೆ, ಒಂದು ಶಾಲು ಇರ್ಲಿ. ಕಾರು ನಿನ್ನ ಗಂಡನ ಹತ್ತಿರ ಇರ್ತದೆ ಅಂತಾದ್ರೆ ಟ್ರೈನಿನಲ್ಲಿ ಮೆಟ್ರೋಪಾರ್ಕಿಗೆ ಬಾ, ಯಾವ ಟ್ರೈನು ಅಂತ ಹೇಳು, ಸ್ಟೇಷನ್ನಿಂದ ಕರ್ಕೊಂಡು ಬರ್ಲಿಕ್ಕೆ ಜನ ಇದ್ದಾರೆ.

ಮತ್ತೆ ಒಂದು, ಕೈಬೀಸಿ ಬಾ. "ಎಂತ ಮಾಡ್ಕೊಂಡು ಬರ್ಲಿ" ಅಂತ ಕೇಳ್ಬೇಡ, ಹೊರಗಿನ ಅಡುಗೆ ಒಳಗೆ ತರ್ಲಿಕ್ಕೆ ಬಿಡುವುದಿಲ್ಲ. ಎರಡು ಖಾಲಿ ಡಬ್ಬಿ ಬೇಕಾದ್ರೆ ತಾ. ಬನ್ಸ್ ಉಳಿದ್ರೆ ತುಂಬಿಸಿ ಕೊಡ್ತೇನೆ, ಭಾನುವಾರ ಬೆಳಿಗ್ಗೆಯ ತಿಂಡಿಗೆ ಆಗ್ತದೆ.

ಎಷ್ಟು ಜನ ಅಂತ ಬರಿ. ಮಂಗಳವಾರ ರಾತ್ರಿ, ಆಯ್ತಾ?