ಪುಟ್ಟಿಯ ಎಸ್ಸೆಸ್ಸೆಲ್ಸಿ ಕಾರ್ಡುಗಳು

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಜೋರಾಗಿ ಹೇಳು. ತಪ್ಪಿದ ಕಾರ್ಡ್ ಕಟ್ಟಿನ ಕೆಳಗೆ ಹೋಗಲಿ.

1. ಸೋಡಿಯಂ ಸಂಕೇತ?
Na. ಲ್ಯಾಟಿನ್ ಹೆಸರು ನೇಟ್ರಿಯಂ. ಅವಸರದಲ್ಲಿ S ಬರೆದರೆ ಗಂಧಕ ಆಗಿಬಿಡುತ್ತದೆ, ಹುಷಾರು.

2. ಮಳೆ + ಕಾಲ?
ಮಳೆಗಾಲ. ಆದೇಶ ಸಂಧಿ. ಕ, ತ, ಪ ಜಾಗಕ್ಕೆ ಗ, ದ, ಬ ಬರುತ್ತವೆ: ಬೆಟ್ಟದಾವರೆ, ಕಂಬನಿ. ಇದನ್ನು ಜಾಸ್ತಿ ಸಲ ಓದು.

3. ಪ್ಲಾಸಿ ಕದನ?
1757. ಸಿರಾಜುದ್ದೌಲನ ಮೇಲೆ ಕ್ಲೈವ್ ಗೆದ್ದ. ಏಳು ಕೂಡಿಸಿದರೆ ಬಕ್ಸಾರ್, 1764.

4. Fe? K?
ಕಬ್ಬಿಣ. ಪೊಟ್ಯಾಸಿಯಂ.

5. ಮನೆ + ಅನ್ನು?
ಮನೆಯನ್ನು. ನಡುವೆ ‘ಯ’ ಹೊಸದಾಗಿ ಬಂತು ಅಲ್ವಾ? ಅದಕ್ಕೇ ಆಗಮ ಸಂಧಿ.

6. ಟಿಪ್ಪು ಮಡಿದದ್ದು?
1799 ಮೇ 4, ಶ್ರೀರಂಗಪಟ್ಟಣ. ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧ.