ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆ ಸಿಇಟಿ–ನೀಟ್ ತರಬೇತಿ: ಮಡಿಕೇರಿಯಲ್ಲಿ 2026–27ನೇ ಸಾಲಿನ ಪ್ರವೇಶ ಪ್ರಕಟಣೆ

ಮಾನ್ಯ ಪೋಷಕರೇ ಹಾಗೂ ವಿದ್ಯಾರ್ಥಿಗಳೇ,

ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರುತ್ತಿರುವವರಿಗೆ ಎರಡು ವರ್ಷಗಳ ಸಿಇಟಿ–ನೀಟ್ ತರಬೇತಿಯ ಪ್ರವೇಶವನ್ನು ನಮ್ಮ ಮಡಿಕೇರಿ ಕೇಂದ್ರದಲ್ಲಿ ಆರಂಭಿಸಿದ್ದೇವೆ. ಫಲಿತಾಂಶದ ಈ ದಿನಗಳಲ್ಲಿ ತರಬೇತಿ ಕೇಂದ್ರಗಳ ಜಾಹೀರಾತು ಎಂದರೆ ಭಾವಚಿತ್ರಗಳ ಸಾಲು, ಅದರ ಕೆಳಗೆ ರ‍್ಯಾಂಕ್‌ಗಳ ಸಾಲು. ಈ ಪ್ರಕಟಣೆಯಲ್ಲಿ ಯಾರ ಭಾವಚಿತ್ರವೂ ಇಲ್ಲ. ಅದರ ಬದಲು, ನಮ್ಮಲ್ಲಿ ಸೇರಿದವರು ಎಷ್ಟು, ಕೊನೆಯವರೆಗೆ ಉಳಿದವರು ಎಷ್ಟು, ಅವರು ಮುಂದೆ ಎಲ್ಲಿಗೆ ಹೋದರು ಎಂಬ ಪೂರ್ತಿ ಲೆಕ್ಕವನ್ನು ಕೊಟ್ಟಿದ್ದೇವೆ.

2023ರ ಜೂನ್‌ನಲ್ಲಿ ನಮ್ಮ ಎರಡು ವರ್ಷಗಳ ತರಗತಿಗೆ 61 ವಿದ್ಯಾರ್ಥಿಗಳು ಸೇರಿದ್ದರು. ಅವರಲ್ಲಿ 9 ಮಂದಿ ನಡುವೆಯೇ ಬಿಟ್ಟರು. ಉಳಿದ 52 ಮಂದಿ 2025ರಲ್ಲಿ ಪರೀಕ್ಷೆಗಳನ್ನು ಬರೆದರು. ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಪಡೆದವರು 19 ಮಂದಿ. ಕೃಷಿ, ಅರಣ್ಯ ಮತ್ತು ಪಶುವೈದ್ಯಕೀಯ ಪದವಿಗಳಿಗೆ 6 ಮಂದಿ, ಫಾರ್ಮಸಿ ಮತ್ತು ನರ್ಸಿಂಗ್‌ಗೆ 8 ಮಂದಿ ಸೇರಿದರು. 13 ಮಂದಿ ಬಿ.ಎಸ್ಸಿ., ಬಿಸಿಎ ಮುಂತಾದ ಪದವಿಗಳನ್ನು ಆರಿಸಿಕೊಂಡರು, ನಾಲ್ವರು ಮತ್ತೊಂದು ವರ್ಷ ಓದಿ ಪರೀಕ್ಷೆ ಬರೆಯಲು ನಿರ್ಧರಿಸಿದರು. ನೀಟ್ ಬರೆದ 27 ಮಂದಿಯಲ್ಲಿ 16 ಮಂದಿ ಅರ್ಹತೆ ಪಡೆದರೂ ಎಂಬಿಬಿಎಸ್ ಸೀಟು ದೊರೆತದ್ದು ಇಬ್ಬರಿಗೆ ಮಾತ್ರ. ಒಬ್ಬರಿಗೆ ಸರ್ಕಾರಿ ಕಾಲೇಜಿನಲ್ಲಿ, ಇನ್ನೊಬ್ಬರಿಗೆ ಖಾಸಗಿ ಕಾಲೇಜಿನಲ್ಲಿ. ನೀಟ್‌ನ ಅರ್ಹತೆ ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್‌ಗೆ ಸಿಗುತ್ತದೆ, ಸೀಟು ಅದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಆದ್ದರಿಂದ ‘ನೀಟ್ ಅರ್ಹತೆ’ ಎಂಬ ಸಂಖ್ಯೆಯನ್ನು ಎಲ್ಲೇ ಕಂಡರೂ ಸೀಟು ಎಷ್ಟು ಜನರಿಗೆ ಸಿಕ್ಕಿತೆಂದು ಪೋಷಕರು ಕೇಳಬೇಕು. ಆ ಪ್ರಶ್ನೆಯನ್ನು ನಮ್ಮನ್ನೂ ಕೇಳಬಹುದು.

ಆ ವರ್ಷ ಪರೀಕ್ಷೆಗೆ ಮುನ್ನ ಆರು ವಾರಗಳ ಪುನರಾವರ್ತನೆ ತರಗತಿಗೆ ಮಾತ್ರ ಬಂದಿದ್ದ ಒಬ್ಬ ವಿದ್ಯಾರ್ಥಿನಿಗೂ ಸರ್ಕಾರಿ ವೈದ್ಯಕೀಯ ಸೀಟು ದೊರೆಯಿತು. ಎರಡು ವರ್ಷ ಕಲಿಸಿದ ಕಾಲೇಜಿಗೂ ಆಕೆಯ ಶ್ರಮಕ್ಕೂ ಸಲ್ಲಬೇಕಾದ ಆ ಫಲವನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ. ಹಾಗೆಯೇ, ಸಿಇಟಿಯಲ್ಲಿ ನಾಲ್ಕೂ ವಿಷಯಗಳನ್ನು ಬರೆದ ಒಬ್ಬನೇ ವಿದ್ಯಾರ್ಥಿಗೆ ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಎಂದು ಪ್ರತ್ಯೇಕ ರ‍್ಯಾಂಕ್‌ಗಳು ಬರುತ್ತವೆ. ಅವುಗಳನ್ನೆಲ್ಲ ಕೂಡಿಸಿದರೆ ಹತ್ತು ಮಕ್ಕಳು ಸುಲಭವಾಗಿ ನಲವತ್ತು ರ‍್ಯಾಂಕ್‌ಗಳಾಗುತ್ತಾರೆ. ಮೇಲಿನ ಲೆಕ್ಕದಲ್ಲಿ ಪ್ರತಿ ವಿದ್ಯಾರ್ಥಿಯೂ ಒಮ್ಮೆ ಮಾತ್ರ, ಸೇರಿದ ಕೋರ್ಸಿನ ಹೆಸರಿನಲ್ಲಿ ಬಂದಿದ್ದಾರೆ. ಸೀಟು ಹಂಚಿಕೆ ಮುಗಿಯದ ಕಾರಣ ಈ ವರ್ಷದ ತಂಡದ ಲೆಕ್ಕವನ್ನು ಕೊಟ್ಟಿಲ್ಲ. ಮುಗಿದ ಮೇಲೆ ಕೇಂದ್ರದ ಸೂಚನಾ ಫಲಕದಲ್ಲಿ ಇದೇ ರೀತಿಯಲ್ಲಿ ಹಾಕಲಾಗುವುದು.

ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ತರಬೇತಿ ಕೇಂದ್ರಗಳಿಗಾಗಿಯೇ ಹೊರಡಿಸಿದ ಮಾರ್ಗಸೂಚಿಯಂತೆ, ಆಯ್ಕೆಯಾದ ವಿದ್ಯಾರ್ಥಿಯ ಹೆಸರು ಅಥವಾ ಭಾವಚಿತ್ರವನ್ನು ಬಳಸಲು ಆಯ್ಕೆಯ ನಂತರ ಪಡೆದ ಲಿಖಿತ ಒಪ್ಪಿಗೆ ಬೇಕು, ಮತ್ತು ಆ ವಿದ್ಯಾರ್ಥಿ ಯಾವ ಕೋರ್ಸನ್ನು ಎಷ್ಟು ಕಾಲ ಕಲಿತರೆಂಬುದನ್ನೂ ತಿಳಿಸಬೇಕು. ನಾವು ಯಾರಿಂದಲೂ ಒಪ್ಪಿಗೆ ಕೇಳಿಲ್ಲ. ಪ್ರವೇಶದ ದಿನವೇ ಅಂತಹ ಪತ್ರಕ್ಕೆ ಪೋಷಕರಿಂದ ಸಹಿ ಹಾಕಿಸಿಕೊಳ್ಳುವ ಪದ್ಧತಿಯೂ ನಮ್ಮಲ್ಲಿಲ್ಲ.

ತರಗತಿಗಳು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4.30ರಿಂದ 6.15ರವರೆಗೆ, ಶನಿವಾರ ಮಧ್ಯಾಹ್ನ 2ರಿಂದ 5ರವರೆಗೆ ನಡೆಯುತ್ತವೆ, ಭಾನುವಾರ ರಜೆ. ಕಾಲೇಜಿನ ಸಮಯದಲ್ಲಿ ತರಗತಿ ಇರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಮತ್ತು ದ್ವಿತೀಯ ಪಿಯುಸಿಯ ಅಂಕಗಳನ್ನು ಅರ್ಧರ್ಧ ಪರಿಗಣಿಸುವುದರಿಂದ, ಕಾಲೇಜನ್ನು ಬಿಟ್ಟು ತರಬೇತಿಯನ್ನೇ ನೆಚ್ಚಿಕೊಂಡವರಿಗೆ ನಷ್ಟವೇ ಹೆಚ್ಚು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಒಂದು ಅಂಕ ಕಳೆಯುತ್ತಾರೆ. ಒಂದರಲ್ಲಿ ಯಾವ ಪ್ರಶ್ನೆಯನ್ನೂ ಬಿಡಬಾರದು, ಇನ್ನೊಂದರಲ್ಲಿ ಗೊತ್ತಿಲ್ಲದ್ದನ್ನು ಬಿಡಲು ಕಲಿಯಬೇಕು. ಈ ಎರಡು ಅಭ್ಯಾಸಗಳು ಬೆರೆಯದಂತೆ ದ್ವಿತೀಯ ವರ್ಷದಲ್ಲಿ ಮಾದರಿ ಪರೀಕ್ಷೆಗಳನ್ನು ಬೇರೆ ಬೇರೆ ವಾರಗಳಲ್ಲಿ ನಡೆಸುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಮೊದಲ ಎರಡು ತಿಂಗಳ ಪಾಠ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುತ್ತದೆ. ಜೆಇಇ ಅಡ್ವಾನ್ಸ್ಡ್ ತರಬೇತಿ ನಮ್ಮಲ್ಲಿಲ್ಲ. ಅದನ್ನು ಕಲಿಸುವಷ್ಟು ಬೋಧಕರು ನಮ್ಮಲ್ಲಿಲ್ಲದ ಕಾರಣ ಅದರ ಹೆಸರಿನಲ್ಲಿ ಪ್ರವೇಶ ಕೊಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯದ ಮಕ್ಕಳಿಗೂ ಪ್ರವೇಶವಿಲ್ಲ.

ಪಾಠ ಹೇಳುವವರು ನಾಲ್ವರು. ಎಲ್ಲರೂ ತಮ್ಮ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವರು. ಮೂವರು ಮಡಿಕೇರಿಯಲ್ಲೇ ಇರುತ್ತಾರೆ. ಭೌತಶಾಸ್ತ್ರದ ಬೋಧಕರು ಮೈಸೂರಿನಿಂದ ಬುಧವಾರ ಮತ್ತು ಶನಿವಾರ ಮಾತ್ರ ಬರುವುದರಿಂದ ಉಳಿದ ದಿನಗಳಲ್ಲಿ ಆ ವಿಷಯದ ಸಂದೇಹಗಳಿಗೆ ಅವರು ಸಿಗುವುದಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಜಿಲ್ಲಾಡಳಿತವು ಶಾಲಾ ಕಾಲೇಜುಗಳಿಗೆ ರಜೆ ಸಾರಿದ ದಿನ ನಮ್ಮಲ್ಲೂ ರಜೆ ಇರುತ್ತದೆ, ಮಕ್ಕಳನ್ನು ಕರೆಸುವುದಿಲ್ಲ. ತಪ್ಪಿದ ಪಾಠಗಳನ್ನು ಸೆಪ್ಟೆಂಬರ್ ನಂತರದ ಶನಿವಾರಗಳಲ್ಲಿ ಹೆಚ್ಚುವರಿ ಅವಧಿ ಇಟ್ಟು ಮುಗಿಸುತ್ತೇವೆ. ಭಾಗಮಂಡಲ, ನಾಪೋಕ್ಲು ಕಡೆಯ ಎಷ್ಟೋ ಮನೆಗಳಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ; ಆದ್ದರಿಂದ ಆನ್‌ಲೈನ್ ತರಗತಿಯನ್ನು ನೆಪವಾಗಿಟ್ಟು ಶುಲ್ಕ ಪಡೆಯುವ ಬದಲು, ಆ ತಿಂಗಳುಗಳ ಟಿಪ್ಪಣಿಗಳನ್ನು ಜೂನ್‌ನಲ್ಲೇ ಮುದ್ರಿಸಿ ಕೊಡುತ್ತೇವೆ. ಹುತ್ತರಿ, ಕೈಲ್‌ಪೊಳ್ದ್ ಮತ್ತು ಕಾವೇರಿ ಸಂಕ್ರಮಣದ ದಿನಗಳಲ್ಲಿ ಪರೀಕ್ಷೆ ಇಡುವುದಿಲ್ಲ.

ವಾರ್ಷಿಕ ಶುಲ್ಕ 36,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿ ಒಟ್ಟು 42,480 ರೂಪಾಯಿ. ಇದನ್ನು 14,160 ರೂಪಾಯಿಯ ಮೂರು ಕಂತುಗಳಲ್ಲಿ ಕಟ್ಟಬಹುದು. ಪುಸ್ತಕ, ಟಿಪ್ಪಣಿ, ಮಾದರಿ ಪರೀಕ್ಷೆಗಳಿಗೆ ಬೇರೆ ಹಣವಿಲ್ಲ, ಪ್ರತಿ ಕಂತಿಗೂ ರಸೀದಿ ಕೊಡಲಾಗುವುದು. ಪ್ರತಿ ತಂಡದಲ್ಲಿ ಮೂವರಿಗೆ ಅರ್ಧ ಶುಲ್ಕದ ಅವಕಾಶವಿದೆ. ತೋಟದ ಕಾರ್ಮಿಕರ ಮಕ್ಕಳಿಗೆ ಮೊದಲ ಆದ್ಯತೆ, ಅಂಕಗಳ ಮಿತಿ ಇಲ್ಲ. ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಡುವವರಿಗೆ, ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿಯಂತೆ, ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಹಿಂದಿರುಗಿಸಲಾಗುವುದು.

ತಲಾ 35 ವಿದ್ಯಾರ್ಥಿಗಳ ಎರಡು ತಂಡಗಳಿರುತ್ತವೆ. ಈ ಪ್ರಕಟಣೆ ಅಚ್ಚಿಗೆ ಹೋಗುವ ಹೊತ್ತಿಗೆ 22 ಮಂದಿ ಸೇರಿದ್ದು, 48 ಸ್ಥಾನಗಳು ಖಾಲಿ ಇವೆ. ಪ್ರತಿದಿನದ ಸಂಖ್ಯೆಯನ್ನು ಕಚೇರಿಯ ಬಾಗಿಲಲ್ಲೇ ಬರೆದಿಡುತ್ತೇವೆ. ರ‍್ಯಾಂಕ್ ಆಗಲಿ, ಸೀಟಾಗಲಿ, ಇಂತಿಷ್ಟು ಅಂಕವಾಗಲಿ ಬರಿಸಿಕೊಡುತ್ತೇವೆಂಬ ಭರವಸೆಯನ್ನು ನಮ್ಮ ಸಿಬ್ಬಂದಿಯಲ್ಲಿ ಯಾರೇ ಕೊಟ್ಟರೂ ದಯವಿಟ್ಟು ಪ್ರಾಂಶುಪಾಲರ ಗಮನಕ್ಕೆ ತನ್ನಿರಿ.

ಹಣ ಕಟ್ಟುವ ಮುನ್ನ ವಿದ್ಯಾರ್ಥಿಯು ಒಂದು ವಾರ ಉಚಿತವಾಗಿ ತರಗತಿಯಲ್ಲಿ ಕುಳಿತು ನೋಡಬಹುದು. ಪೋಷಕರು ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಚೇರಿಗೆ ಬಂದು ಬೋಧಕರನ್ನು ಕಾಣಬಹುದು. 2025ರ ತಂಡದ ಹಾಜರಾತಿ ಪುಸ್ತಕವನ್ನು ಹೆಸರುಗಳನ್ನು ಮರೆಮಾಡಿ ತೋರಿಸಲಾಗುವುದು. ಪ್ರವೇಶಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ, ಪಿಯು ಕಾಲೇಜಿನ ಪ್ರವೇಶ ರಸೀದಿ ಮತ್ತು ಎರಡು ಭಾವಚಿತ್ರಗಳು ಸಾಕು. ಭಾವಚಿತ್ರಗಳು ಗುರುತಿನ ಚೀಟಿಗೆ ಮಾತ್ರ. ಪ್ರವೇಶಕ್ಕೆ ಜೂನ್ 30 ಕೊನೆಯ ದಿನ.

ಪ್ರಾಂಶುಪಾಲರು ಹಾಗೂ ಬೋಧಕ ವರ್ಗ, ಮಡಿಕೇರಿ